ಹೊಟ್ಟೆಯ ಕೊಬ್ಬು ಮಾತ್ರ ಏಕೆ ಕರಗುವುದಿಲ್ಲ? ಎಲ್ಲಿಂದ ಇಳಿಸಬೇಕೆಂದು ದೇಹ ತೀರ್ಮಾನಿಸುವ ಬಗೆ, ಅದನ್ನು ಟೇಪಿನಲ್ಲಿ ಓದುವ ಕ್ರಮ

ಹೊಟ್ಟೆಯ ಸ್ನಾಯುಗಳನ್ನು ದುಡಿಸಿದರೆ ಅವುಗಳ ಮೇಲಿರುವ ಕೊಬ್ಬು ಕರಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಕ್ರಂಚಸ್ ಮಾಡುವಾಗ ಉರಿಯುವುದು ಹೊಟ್ಟೆ, ಬೆವರುವುದು ಹೊಟ್ಟೆ, ಮರುದಿನ ನೋಯುವುದೂ ಹೊಟ್ಟೆ. ಆದರೆ ಈ ಮೂರರಲ್ಲಿ ಒಂದಕ್ಕೂ ಕೊಬ್ಬಿನೊಂದಿಗೆ ಸಂಬಂಧವಿಲ್ಲ. ಉರಿ ಬರುವುದು ದುಡಿಯುತ್ತಿರುವ ಸ್ನಾಯುವಿನೊಳಗೆ ಶೇಖರವಾಗುವ ರಾಸಾಯನಿಕಗಳಿಂದ. ಬೆವರು ಮೈಯನ್ನು ತಂಪಾಗಿಸಲು ಬರುವ ನೀರು. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದು. ಸ್ನಾಯುವಿಗೂ ಚರ್ಮಕ್ಕೂ ನಡುವೆ ಇರುವ ಕೊಬ್ಬಿನ ಪದರಕ್ಕೆ ಈ ಗಲಾಟೆಯ ಸುದ್ದಿ ನೇರವಾಗಿ ತಲುಪುವ ವ್ಯವಸ್ಥೆಯೇ ಇಲ್ಲ ಎನ್ನಬಹುದು.

ಏಕಿಲ್ಲ ಎಂಬುದು ಸರಿಯಾಗಿ ತಿಳಿದರೆ ಮುಂದೆ ಏನು ಮಾಡಬೇಕೆಂಬುದೂ ಅದರಿಂದಲೇ ಹೊರಡುತ್ತದೆ. ಹಾಗಾಗಿ ಮೊದಲು ಕೊಬ್ಬು ದೇಹದಿಂದ ಹೊರಬೀಳುವ ದಾರಿ, ಆಮೇಲೆ ಸರದಿಯನ್ನು ನಿರ್ಧರಿಸುವ ಸಂಗತಿಗಳು, ಕೊನೆಗೆ ಮಾಡಬೇಕಾದ ಕೆಲಸ.

ಒಂದು ಹನಿ ಕೊಬ್ಬು ಹೋಗುವ ದಾರಿ

ಕೊಬ್ಬಿನ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಜಾಗವನ್ನು ಒಂದೇ ಒಂದು ದೊಡ್ಡ ಎಣ್ಣೆಯ ಹನಿ ಆಕ್ರಮಿಸಿರುತ್ತದೆ. ಕೋಶದ ಉಳಿದ ಭಾಗಗಳೆಲ್ಲ ಅಂಚಿಗೆ ಒತ್ತರಿಸಿಕೊಂಡಿರುತ್ತವೆ. ಆ ಹನಿಯಲ್ಲಿರುವುದು ಟ್ರೈಗ್ಲಿಸರೈಡ್: ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡಿರುವ ರಚನೆ. ಈ ಅಣು ಇಡಿಯಾಗಿ ಕೋಶದಿಂದ ಹೊರಗೆ ಹೋಗಲಾರದು. ಕೋಶದೊಳಗಿನ ಕಿಣ್ವಗಳು ಅದನ್ನು ತುಂಡರಿಸಬೇಕು. ಕಿಣ್ವಗಳು ಕೆಲಸಕ್ಕೆ ಇಳಿಯಬೇಕಾದರೆ ಹೊರಗಿನಿಂದ ಅಪ್ಪಣೆ ಬರಬೇಕು. ಆ ಅಪ್ಪಣೆಯನ್ನು ಮುಖ್ಯವಾಗಿ ತರುವುದು ರಕ್ತದಲ್ಲಿ ಹರಿದು ಬರುವ ಅಡ್ರಿನಲಿನ್ ಮತ್ತು ಕೊಬ್ಬಿನ ಅಂಗಾಂಶದೊಳಗಿನ ನರತುದಿಗಳು ಬಿಡುವ ನಾರ್‌ಅಡ್ರಿನಲಿನ್. ಊಟದ ನಂತರ ಏರುವ ಇನ್ಸುಲಿನ್ ಇದೇ ಕೆಲಸವನ್ನು ತಡೆಯುತ್ತದೆ.

ತುಂಡಾದ ಕೊಬ್ಬಿನ ಆಮ್ಲಗಳು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಹಿಡಿದುಕೊಂಡು ಪ್ರಯಾಣ ಮಾಡುತ್ತವೆ. ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಹೊಟ್ಟೆಯ ಚರ್ಮದಡಿಯ ಕೊಬ್ಬಿನಿಂದ ಹೊರಟ ಆಮ್ಲ ಕೆಳಗಿನ ಹೊಟ್ಟೆಯ ಸ್ನಾಯುವಿಗೆ ಇಳಿಯುವುದಿಲ್ಲ. ಕೊಬ್ಬಿನ ಪದರಕ್ಕೂ ಸ್ನಾಯುವಿಗೂ ನಡುವೆ ಗಟ್ಟಿಯಾದ ಪೊರೆಯಿದೆ, ಎರಡಕ್ಕೂ ರಕ್ತ ಪೂರೈಕೆಯ ಕವಲುಗಳು ಬೇರೆ. ಕೊಬ್ಬಿನಿಂದ ಹೊರಟ ರಕ್ತ ಸಿರೆಗಳನ್ನು ಸೇರಿ, ಹೃದಯಕ್ಕೆ ಹೋಗಿ, ಶ್ವಾಸಕೋಶ ಸುತ್ತಿ ಬಂದು, ಅಲ್ಲಿಂದ ಇಡೀ ದೇಹಕ್ಕೆ ಹಂಚಿಕೆಯಾಗುತ್ತದೆ. ಹೊಟ್ಟೆಯಿಂದ ಹೊರಟ ಆಮ್ಲ ತೊಡೆಯ ಸ್ನಾಯುವಿನಲ್ಲಿ ಉರಿಯಬಹುದು, ಹೃದಯದಲ್ಲಿ ಉರಿಯಬಹುದು, ಯಕೃತ್ತಿಗೆ ಹೋಗಬಹುದು. ಹಾಗೆಯೇ ಕ್ರಂಚಸ್ ಮಾಡುವ ಹೊಟ್ಟೆಯ ಸ್ನಾಯುವಿಗೆ ಬರುವ ಆಮ್ಲ ಬೆನ್ನಿನಿಂದಲೋ ತೋಳಿನಿಂದಲೋ ಹೊರಟದ್ದಾಗಿರಬಹುದು. ಅಷ್ಟೇ ಅಲ್ಲ, ಸ್ನಾಯು ಹೀಗೆ ಚುರುಕಾಗಿ ಕೆಲವೇ ನಿಮಿಷ ದುಡಿಯುವಾಗ ಬಳಸುವುದು ಹೆಚ್ಚಾಗಿ ತನ್ನೊಳಗೇ ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು.

ಹೊರಬಂದ ಆಮ್ಲವೆಲ್ಲ ಉರಿದುಹೋಗುತ್ತದೆ ಎಂದೂ ಭಾವಿಸಬಾರದು. ಯಾರಿಗೂ ಬೇಡವಾದದ್ದು ಮರಳಿ ಯಾವುದಾದರೂ ಕೊಬ್ಬಿನ ಕೋಶದೊಳಗೆ ಸೇರಿಕೊಳ್ಳುತ್ತದೆ. ದಿನವಿಡೀ ಈ ಹೋಗುವಿಕೆ ಬರುವಿಕೆ ನಡೆದೇ ಇರುತ್ತದೆ. ವಾರಗಟ್ಟಲೆ ಒಟ್ಟು ಹೋದದ್ದು ಒಟ್ಟು ಬಂದದ್ದಕ್ಕಿಂತ ಹೆಚ್ಚಾದಾಗ ಮಾತ್ರ ಹನಿಗಳು ಕುಗ್ಗುತ್ತವೆ. ಉರಿದ ಕೊಬ್ಬು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವೂ ಇದೆ. 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ 10 ಕಿಲೋ ಕೊಬ್ಬು ಪೂರ್ತಿ ಉರಿದಾಗ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಹೊಟ್ಟೆಗೆ ಪಟ್ಟಿ ಬಿಗಿದು ಬೆವರಿಳಿಸುವ ಸಾಧನಗಳನ್ನು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅವರು ತೋರಿಸುವ ಇಳಿಕೆ ಒಂದೆರಡು ಲೋಟ ನೀರು ಕುಡಿದ ಕೂಡಲೇ ವಾಪಸ್ಸಾಗುವಂಥದ್ದು.

ಪರೀಕ್ಷಿಸಿ ನೋಡಿದಾಗ ಕಂಡದ್ದು

ಇದು ಬರೀ ತರ್ಕವಲ್ಲ, ಅಳೆದು ನೋಡಿದ ಸಂಗತಿ. ಟೆನಿಸ್ ಆಟಗಾರರು ಒಂದೇ ಕೈಯನ್ನು ವರ್ಷಗಟ್ಟಲೆ ದುಡಿಸುತ್ತಾರೆ. 1971ರ ಒಂದು ಅಧ್ಯಯನದಲ್ಲಿ ಅವರ ಎರಡೂ ತೋಳುಗಳನ್ನು ಅಳೆದರು. ಆಡುವ ಕೈಯ ಸುತ್ತಳತೆ ದೊಡ್ಡದಿತ್ತು, ಅಂದರೆ ಸ್ನಾಯು ಬೆಳೆದಿತ್ತು. ಚರ್ಮದಡಿಯ ಕೊಬ್ಬಿನ ದಪ್ಪ ಮಾತ್ರ ಎರಡರಲ್ಲೂ ಒಂದೇ ಆಗಿತ್ತು. 1984ರಲ್ಲಿ 27 ದಿನಗಳ ಕಾಲ ಸಿಟ್-ಅಪ್ ಮಾಡಿಸಿ, ಹೊಟ್ಟೆ, ಬೆನ್ನು, ಪೃಷ್ಠಗಳಿಂದ ಕೊಬ್ಬಿನ ಸಣ್ಣ ತುಣುಕು ತೆಗೆದು ಕೋಶಗಳ ಗಾತ್ರವನ್ನೇ ನೋಡಿದರು. ಪ್ರತಿಯೊಬ್ಬರೂ ಐದು ಸಾವಿರದಷ್ಟು ಸಿಟ್-ಅಪ್ ಮಾಡಿದ್ದರು. ಕೋಶಗಳು ಕುಗ್ಗಿದ್ದು ನಿಜ, ಆದರೆ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ. 2011ರ ಪ್ರಯೋಗದಲ್ಲಿ ಆರು ವಾರ ಹೊಟ್ಟೆಯ ವ್ಯಾಯಾಮ ಮಾಡಿದವರಲ್ಲಿ ಸ್ನಾಯುವಿನ ತಾಳಿಕೆ ಹೆಚ್ಚಿತು, ಹೊಟ್ಟೆಯ ಕೊಬ್ಬು ಇದ್ದಲ್ಲೇ ಇತ್ತು.

ನನಗೆ ಇವೆಲ್ಲಕ್ಕಿಂತ ಮನದಟ್ಟಾಗುವಂತೆ ಕಾಣುವುದು 2013ರ ಪ್ರಯೋಗ. ಅದರಲ್ಲಿ ಭಾಗವಹಿಸಿದವರು 12 ವಾರ ಒಂದೇ ಕಾಲಿಗೆ ವ್ಯಾಯಾಮ ಮಾಡಿದರು. ಭಾರ ಕಡಿಮೆ, ಆದರೆ ಪ್ರತಿ ಸಲ ಸಾವಿರದಷ್ಟು ಬಾರಿ. ಇನ್ನೊಂದು ಕಾಲಿಗೆ ಏನೂ ಇಲ್ಲ. ಕೊನೆಗೆ ಒಟ್ಟು ಕೊಬ್ಬು ಇಳಿದಿತ್ತು. ಎಲ್ಲಿಂದ? ಹೆಚ್ಚಾಗಿ ಮುಂಡ ಮತ್ತು ತೋಳುಗಳಿಂದ. ದುಡಿದ ಕಾಲಿನಲ್ಲಿ ದುಡಿಯದ ಕಾಲಿಗಿಂತ ಹೆಚ್ಚಿನ ಇಳಿಕೆ ಕಾಣಲಿಲ್ಲ. ಖರ್ಚು ಮಾಡಿದ್ದು ಕಾಲು, ಕೊಟ್ಟದ್ದು ದೇಹದ ಮೇಲ್ಭಾಗ.

ಎದುರು ಸಾಕ್ಷಿಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ದುಡಿಯುವ ಸ್ನಾಯುವಿನ ಪಕ್ಕದ ಕೊಬ್ಬಿನಲ್ಲಿ ರಕ್ತಸಂಚಾರವೂ ಕೊಬ್ಬಿನ ಬಿಡುಗಡೆಯೂ ತುಸು ಹೆಚ್ಚುತ್ತವೆ ಎಂದು 2007ರಲ್ಲಿ ಅಳೆದು ತೋರಿಸಿದ್ದಾರೆ. ಆದರೆ ಆ ಹೆಚ್ಚಳ ತೀರಾ ಚಿಕ್ಕದು. ಬಿಡುಗಡೆಯಾದದ್ದು ಅಲ್ಲಿಗೇ ಮರಳಿ ಸೇರುವುದಿಲ್ಲ ಎಂಬ ಖಾತ್ರಿಯೂ ಇಲ್ಲ. 2023ರಲ್ಲಿ ಬಂದ ಒಂದು ಸಣ್ಣ ಪ್ರಯೋಗದಲ್ಲಿ ದೀರ್ಘವಾದ ಹಗುರ ಹೊಟ್ಟೆಯ ವ್ಯಾಯಾಮವನ್ನು ಓಟದೊಂದಿಗೆ ಸೇರಿಸಿ ಮಾಡಿದ ಗಂಡಸರ ಮುಂಡದ ಕೊಬ್ಬು ಬರೀ ಓಡಿದವರಿಗಿಂತ ಸ್ವಲ್ಪ ಹೆಚ್ಚು ಇಳಿದಿತ್ತು. ಮುಂದೆ ದೊಡ್ಡ ಪ್ರಯೋಗಗಳಲ್ಲೂ ಅದೇ ಕಂಡರೆ ಒಪ್ಪಿಕೊಳ್ಳೋಣ. ಸದ್ಯಕ್ಕೆ ಅದನ್ನು ನಂಬಿಕೊಂಡು ಯೋಜನೆ ಹಾಕುವುದು ಜಾಣತನವಲ್ಲ.

ಸರದಿಯನ್ನು ಯಾರು ನಿರ್ಧರಿಸುತ್ತಾರೆ

ರಕ್ತದಲ್ಲಿ ಅಡ್ರಿನಲಿನ್ ಏರಿದಾಗ ಅದು ಎಲ್ಲ ಕಡೆಯ ಕೊಬ್ಬಿಗೂ ತಲುಪುತ್ತದೆ. ಒಂದೇ ಅಪ್ಪಣೆಗೆ ಒಂದು ಭಾಗ ಬೇಗ ಓಗೊಡುವುದೂ ಇನ್ನೊಂದು ಭಾಗ ಸುಮ್ಮನಿರುವುದೂ ಏಕೆಂದರೆ ಕೋಶಗಳ ಮೇಲ್ಮೈಯಲ್ಲಿರುವ ರಿಸೆಪ್ಟರುಗಳು ಎಲ್ಲೆಡೆ ಒಂದೇ ಪ್ರಮಾಣದಲ್ಲಿಲ್ಲ. ಅಡ್ರಿನಲಿನ್ ಬೀಟಾ ಬಗೆಯ ರಿಸೆಪ್ಟರಿಗೆ ಅಂಟಿದರೆ ಕೊಬ್ಬು ಬಿಡುಗಡೆಯಾಗುತ್ತದೆ. ಅದೇ ಅಡ್ರಿನಲಿನ್ ಆಲ್ಫಾ-2 ಬಗೆಯದಕ್ಕೆ ಅಂಟಿದರೆ ಬಿಡುಗಡೆ ತಡೆಯಾಗುತ್ತದೆ. ಕರುಳು ಮತ್ತಿತರ ಒಳಾಂಗಗಳ ಸುತ್ತಲಿನ ಕೊಬ್ಬು ಬೀಟಾ ಸೂಚನೆಗೆ ಚುರುಕಾಗಿ ಸ್ಪಂದಿಸುತ್ತದೆ. ಹೆಂಗಸರ ಪೃಷ್ಠ ಮತ್ತು ತೊಡೆಗಳ ಕೊಬ್ಬಿನಲ್ಲಿ ಆಲ್ಫಾ-2 ಪ್ರಾಬಲ್ಯ ಹೆಚ್ಚು. ಹೊಟ್ಟೆಯ ಚರ್ಮದಡಿಯ ಕೊಬ್ಬು ಇವೆರಡರ ನಡುವೆ ಎಲ್ಲೋ ಇದೆ, ಮತ್ತು ಅದು ಎಲ್ಲಿದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.

ಇದರ ಮೇಲೆ ಲೈಂಗಿಕ ಹಾರ್ಮೋನುಗಳ ಪ್ರಭಾವ. ಈಸ್ಟ್ರೋಜನ್ ಇರುವವರೆಗೆ ಕೊಬ್ಬು ತೊಡೆ, ಪೃಷ್ಠಗಳ ಕಡೆ ಒಲಿಯುತ್ತದೆ. ಮುಟ್ಟು ನಿಂತ ಮೇಲೆ ಅದು ಹೊಟ್ಟೆಯ ಕಡೆಗೆ ತಿರುಗುತ್ತದೆ. ತೂಕ ಹೆಚ್ಚು ಬದಲಾಗದಿದ್ದರೂ ಸೊಂಟ ದಪ್ಪವಾಯಿತು ಎಂದು ಐವತ್ತರ ಆಸುಪಾಸಿನ ಹೆಂಗಸರು ಹೇಳುವುದು ಕಲ್ಪನೆಯಲ್ಲ. ಗಂಡಸರಲ್ಲಿ ಮೊದಲಿನಿಂದಲೂ ಹೊಟ್ಟೆಯ ಪಾಲು ದೊಡ್ಡದು.

ಆನುವಂಶಿಕತೆಯ ಪಾತ್ರವನ್ನು ತೋರಿಸುವ ಒಂದು ಪ್ರಸಿದ್ಧ ಪ್ರಯೋಗವಿದೆ. 1990ರಲ್ಲಿ ಪ್ರಕಟವಾದ ಇದರಲ್ಲಿ ತದ್ರೂಪಿ ಅವಳಿಗಳ 12 ಜೋಡಿಗಳಿಗೆ ನೂರು ದಿನಗಳ ಅವಧಿಯಲ್ಲಿ 84 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿಯಾಗಿ ತಿನ್ನಿಸಿದರು. ಎಲ್ಲರೂ ತಿಂದದ್ದು ಅಷ್ಟೇ ಹೆಚ್ಚುವರಿ. ತೂಕ ಏರಿದ್ದು ಮಾತ್ರ ಕಡಿಮೆಯೆಂದರೆ 4.3 ಕಿಲೋ, ಹೆಚ್ಚೆಂದರೆ 13.3 ಕಿಲೋ. ಗಮನ ಸೆಳೆದದ್ದು ಅಣ್ಣ ತಮ್ಮಂದಿರ ನಡುವಿನ ಹೋಲಿಕೆ. ಒಬ್ಬನಿಗೆ ಕೊಬ್ಬು ಹೊಟ್ಟೆಯೊಳಗೆ ಸೇರಿದರೆ ಅವನ ಅವಳಿಗೂ ಅಲ್ಲಿಗೇ ಸೇರುವ ಪ್ರವೃತ್ತಿ ಸ್ಪಷ್ಟವಾಗಿತ್ತು. ಎಲ್ಲಿ ತುಂಬುತ್ತದೆ ಎಂಬುದರಲ್ಲಿ ಹುಟ್ಟಿನ ಕೈವಾಡ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಕೊಬ್ಬಿನ ಕೋಶ ಪಾಲಿಸುವುದು ರಾಸಾಯನಿಕದ ಮಾತನ್ನು, ಸ್ನಾಯುವಿನ ಮಾತನ್ನಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿಯನ್ನು ಮಧುಮೇಹಿಗಳು ತಮ್ಮ ಮೈಯಲ್ಲೇ ನೋಡಿರುತ್ತಾರೆ. ಇನ್ಸುಲಿನ್ ಚುಚ್ಚುಮದ್ದನ್ನು ಮತ್ತೆ ಮತ್ತೆ ಒಂದೇ ಜಾಗಕ್ಕೆ ಹಾಕಿಕೊಂಡರೆ ಅಲ್ಲಿ ಮೆತ್ತನೆಯ ಕೊಬ್ಬಿನ ಗಂಟು ಬೆಳೆಯುತ್ತದೆ. ಜಾಗ ಬದಲಾಯಿಸುತ್ತಾ ಹೋಗಿ ಎಂದು ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ. ಒಂದೇ ಜಾಗದ ಕೊಬ್ಬು ಬದಲಾಗಬಲ್ಲದು, ಆದರೆ ಆ ಜಾಗಕ್ಕೆ ಹಾರ್ಮೋನು ನೇರವಾಗಿ ಸುರಿದಾಗ. ಕ್ರಂಚಸ್ ಅಂಥದ್ದೇನನ್ನೂ ಸುರಿಯುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಕಣ್ಣಮುಂದೆ ತಂದುಕೊಳ್ಳಬೇಕೆಂದರೆ ಬೇಸಿಗೆಯ ಕೆರೆಯನ್ನು ನೆನೆಯಿರಿ. ನೀರು ಕೆರೆಯ ತುಂಬ ಒಟ್ಟಿಗೇ ಇಳಿಯುತ್ತದೆ. ಆದರೆ ಆಳವಿಲ್ಲದ ಅಂಚು ಮೊದಲು ಬಯಲಾಗುತ್ತದೆ, ಮಡುವಿನಲ್ಲಿ ಕೊನೆಯವರೆಗೂ ನೀರು ನಿಲ್ಲುತ್ತದೆ. ಗಂಡಸರಲ್ಲಿ ಹೊಕ್ಕುಳದ ಕೆಳಗಿನ ಭಾಗ ಮತ್ತು ಸೊಂಟದ ಪಕ್ಕಗಳು, ಹೆಂಗಸರಲ್ಲಿ ಸಾಮಾನ್ಯವಾಗಿ ತೊಡೆ ಮತ್ತು ಪೃಷ್ಠಗಳು, ಕೆಲವರಲ್ಲಿ ಕೆಳಹೊಟ್ಟೆಯೂ, ಈ ಮಡುವಿನ ಜಾಗಗಳು.

ಮೊದಲ ಹೆಜ್ಜೆ: ಹೊಟ್ಟೆಯಲ್ಲಿ ಇರುವುದೇನೆಂದು ನೋಡಿ

ಹೊಟ್ಟೆ ಮುಂದೆ ಬಂದಿದೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಬಗೆಯ ಕೊಬ್ಬಲ್ಲ, ಕೆಲವೊಮ್ಮೆ ಕೊಬ್ಬೇ ಅಲ್ಲ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ನೆಲದ ಮೇಲೆ ಅಂಗಾತ ಮಲಗಿ. ಹೊಕ್ಕುಳದ ಪಕ್ಕದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮವನ್ನು ಹಿಡಿದೆತ್ತಿ. ಕೈಗೆ ಸಿಗುವ ಮೆತ್ತನೆಯ ಮಡಿಕೆ ಚರ್ಮದಡಿಯ ಕೊಬ್ಬು. ಮಡಿಕೆ ತೆಳ್ಳಗಿದ್ದು ಹೊಟ್ಟೆ ಮಾತ್ರ ಮಲಗಿದಾಗಲೂ ಗಟ್ಟಿಯಾಗಿ ಉಬ್ಬಿಕೊಂಡಿದ್ದರೆ ಒಳಾಂಗಗಳ ಸುತ್ತಲಿನ ಕೊಬ್ಬಿನ ಪಾಲು ದೊಡ್ಡದಿರಬಹುದು. ಇದು ಅಂದಾಜು ಮಾತ್ರ, ನಿಖರವಾಗಿ ಹೇಳಲು ಸ್ಕ್ಯಾನ್ ಬೇಕು. ಆದರೂ ಈ ಅಂದಾಜು ಉಪಯುಕ್ತ. ಒಳಗಿನ ಕೊಬ್ಬು ಆರೋಗ್ಯಕ್ಕೆ ಹೆಚ್ಚು ಹಾನಿಕರ, ಆದರೆ ತೂಕ ಇಳಿಸತೊಡಗಿದಾಗ ತನ್ನ ಪಾಲಿಗೆ ಹೋಲಿಸಿದರೆ ಬೇಗ ಕರಗುವುದೂ ಅದೇ. ಕೈಗೆ ಸಿಗುವ ಮಡಿಕೆ ನಿಧಾನ.

ಬೆಳಿಗ್ಗೆ ಚಪ್ಪಟೆಯಾಗಿದ್ದು ಸಂಜೆಗೆ ಉಬ್ಬಿಕೊಳ್ಳುವ ಹೊಟ್ಟೆಯಲ್ಲಿ ಇರುವುದು ವಾಯು, ಆಹಾರ ಮತ್ತು ನೀರು. ಒಂದು ದಿನದೊಳಗೆ ಅಷ್ಟು ಕೊಬ್ಬು ಬಂದು ಹೋಗಲಾರದು. ಹೆರಿಗೆಯಾದ ಹೆಂಗಸರು ಮಲಗಿಕೊಂಡು ತಲೆಯನ್ನು ಸ್ವಲ್ಪ ಎತ್ತಿ, ಹೊಕ್ಕುಳದ ನೇರದಲ್ಲಿ ಬೆರಳಿಟ್ಟು ನೋಡಬೇಕು. ಎರಡು ಸ್ನಾಯುಪಟ್ಟಿಗಳ ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲದ ತಗ್ಗು ಸಿಕ್ಕರೆ ಸ್ನಾಯುಗಳು ಬೇರ್ಪಟ್ಟಿರುವ ಸಾಧ್ಯತೆಯಿದೆ. ಅಂಥವರು ಕ್ರಂಚಸ್ ಶುರುಮಾಡುವ ಮೊದಲು ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ಕೆಲವೇ ವಾರಗಳಲ್ಲಿ ಹೊಟ್ಟೆ ಊದಿಕೊಂಡು ಬಿಗಿಯಾಗುವುದು, ಜೊತೆಗೆ ಕಾಲಿನ ಊತ, ಕೈಕಾಲು ಸಣ್ಣಗಾಗುತ್ತಾ ಹೊಟ್ಟೆ ಮಾತ್ರ ಬೆಳೆಯುವುದು, ಅಗಲವಾದ ನೇರಳೆ ಗೆರೆಗಳು ಮೂಡುವುದು, ಇವು ವ್ಯಾಯಾಮದ ವಿಷಯಗಳಲ್ಲ. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಎರಡನೆಯ ಹೆಜ್ಜೆ: ಹೊಟ್ಟೆಯನ್ನಷ್ಟೇ ಅಳೆಯಬೇಡಿ

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಹೊಟ್ಟೆಯೊಂದನ್ನೇ ನೋಡುತ್ತಾ ಕೂತವರು ತಿಂಗಳೊಳಗೆ ಸೋಲೊಪ್ಪಿಕೊಳ್ಳುತ್ತಾರೆ. ದೇಹ ಬೇರೆಲ್ಲೋ ಕೊಬ್ಬು ಇಳಿಸುತ್ತಿರುವುದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹಿಗ್ಗದ ಅಳತೆ ಟೇಪು ತೆಗೆದುಕೊಳ್ಳಿ. ಐದು ಜಾಗಗಳನ್ನು ಅಳೆಯಿರಿ: ಕುತ್ತಿಗೆ, ಮೇಲ್ತೋಳಿನ ನಡುಭಾಗ, ಸೊಂಟ, ಹೊಕ್ಕುಳದ ಮಟ್ಟ, ತೊಡೆಯ ನಡುಭಾಗ. ಸೊಂಟದ ಅಳತೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗ ಹೊಕ್ಕುಳವಲ್ಲ. ಪಕ್ಕದಲ್ಲಿ ಕೈಗೆ ಸಿಗುವ ಕಟ್ಟಕಡೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ಸರಿ ಮಧ್ಯ. ಎರಡು ಜಾಗಕ್ಕೂ ಬೇರೆ ಬೇರೆ ಸಾಲು ಬರೆದಿಡುವುದು ಒಳ್ಳೆಯದು, ಏಕೆಂದರೆ ಅವು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನೇರವಾಗಿ ನಿಂತು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳೆಯಿರಿ. ಟೇಪು ನೆಲಕ್ಕೆ ಸಮಾನಾಂತರವಾಗಿರಬೇಕು, ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಪ್ರತಿ ಜಾಗವನ್ನು ಎರಡು ಸಲ ಅಳೆಯಿರಿ. ಎರಡರ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ.

ವಾರಕ್ಕೊಮ್ಮೆ ಅಳೆಯುವುದಕ್ಕಿಂತ ನಾಲ್ಕು ವಾರಕ್ಕೊಮ್ಮೆ ಅಳೆಯುವುದು ಮೇಲು. ವಾರದೊಳಗಿನ ಬದಲಾವಣೆ ಟೇಪಿನ ತಪ್ಪಿಗಿಂತಲೂ ಚಿಕ್ಕದಿರುತ್ತದೆ. ಮುಟ್ಟಾಗುವ ಹೆಂಗಸರಿಗೆ ನಾಲ್ಕು ವಾರದ ಅಂತರ ಇನ್ನೂ ಅನುಕೂಲ, ಚಕ್ರದ ಅದೇ ಹಂತಕ್ಕೆ ಅದೇ ಹಂತವನ್ನು ಹೋಲಿಸಿದಂತಾಗುತ್ತದೆ. ಇಲ್ಲವಾದರೆ ಮುಟ್ಟಿನ ಮುಂಚಿನ ನೀರನ್ನು ಕೊಬ್ಬೆಂದು ಎಣಿಸುವ ಅಪಾಯವಿದೆ.

ಮೂರನೆಯ ಹೆಜ್ಜೆ: ಒಟ್ಟು ಮಟ್ಟವನ್ನು ಇಳಿಸಿ

ಸರದಿ ನಿಮ್ಮ ಕೈಯಲ್ಲಿಲ್ಲ, ಒಟ್ಟು ಮೊತ್ತ ಇದೆ. ಒಬ್ಬರನ್ನು ಊಹಿಸಿಕೊಂಡು ಲೆಕ್ಕ ಮಾಡೋಣ. ವಯಸ್ಸು 42, ಗಂಡಸು, ಎತ್ತರ 170 ಸೆಂಟಿಮೀಟರ್, ತೂಕ 82 ಕಿಲೋ, ಸೊಂಟ 98, ಹೊಕ್ಕುಳದ ಮಟ್ಟ 101, ಕುತ್ತಿಗೆ 40. ಸೊಂಟ ಎತ್ತರದ ಅರ್ಧಕ್ಕಿಂತ, ಅಂದರೆ 85ಕ್ಕಿಂತ, ಸಾಕಷ್ಟು ಹೆಚ್ಚಿದೆ. ಇಳಿಸಲು ಕಾರಣವಿದೆ.

ಮೊದಲು ಅವರು ದಿನಕ್ಕೆ ಹತ್ತು ನಿಮಿಷ ಕ್ರಂಚಸ್ ಮಾತ್ರ ಮಾಡಿದರೆ ಏನಾಗುತ್ತದೆ ನೋಡೋಣ. ಅಷ್ಟು ತೂಕದವರಿಗೆ ಸುಮ್ಮನೆ ಕುಳಿತಿರುವುದಕ್ಕಿಂತ ಹೆಚ್ಚುವರಿಯಾಗಿ ಖರ್ಚಾಗುವುದು ಸುಮಾರು 40 ಕ್ಯಾಲೊರಿ. 12 ವಾರ ಒಂದು ದಿನವೂ ತಪ್ಪಿಸದೆ ಮಾಡಿದರೆ 3360 ಕ್ಯಾಲೊರಿ. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದರೆ ಇದು ಅರ್ಧ ಕಿಲೋಗೂ ಕಡಿಮೆ, ಅದೂ ಊಟ ಸ್ವಲ್ಪವೂ ಹೆಚ್ಚದಿದ್ದರೆ. ಆ ಅರ್ಧ ಕಿಲೋ ಇಡೀ ಮೈಯಿಂದ ಹಂಚಿಕೊಂಡು ಹೋಗುತ್ತದೆ. ಹೊಟ್ಟೆಯ ಪಾಲಿಗೆ ಬರುವುದು ಟೇಪಿನಲ್ಲಿ ಕಾಣುವಷ್ಟಿಲ್ಲ.

ಅವರೇ ದಿನಕ್ಕೆ 500 ಕ್ಯಾಲೊರಿ ಕೊರತೆ ಮಾಡಿಕೊಂಡರೆ ವಾರಕ್ಕೆ 3500, ಅಂದರೆ ಅರ್ಧ ಕಿಲೋ ಹತ್ತಿರ. ಇದರಲ್ಲಿ 150ರಷ್ಟು ಮುಕ್ಕಾಲು ಗಂಟೆಯ ಬಿರುಸು ನಡಿಗೆಯಿಂದ ಬರುತ್ತದೆ. ಉಳಿದ 350 ಊಟದಿಂದ ಕಡಿತವಾಗಬೇಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಒಂದು ಸಣ್ಣ ಚಮಚ ಸಕ್ಕರೆಯಲ್ಲಿ ಸುಮಾರು 16ರಿಂದ 20. ದಿನದಲ್ಲಿ ಎರಡು ದೊಡ್ಡ ಚಮಚ ಎಣ್ಣೆ, ಆರು ಸಣ್ಣ ಚಮಚ ಸಕ್ಕರೆ ಕಡಿಮೆಯಾದರೆ ಆ ಮೊತ್ತ ಹೆಚ್ಚುಕಡಿಮೆ ತುಂಬಿತು, ತಟ್ಟೆಯ ಗಾತ್ರ ಕುಗ್ಗಬೇಕಿಲ್ಲ. ಅಳೆಯದೆ ಸುರಿಯುವ ಎಣ್ಣೆಯೇ ಬಹಳ ಮಂದಿಯ ಲೆಕ್ಕ ಕೆಡಿಸುವುದು. ಹಾಗಾಗಿ ಮೊದಲ ಎರಡು ವಾರ ಬಾಣಲೆಗೆ ಚಮಚದಿಂದಲೇ ಎಣ್ಣೆ ಹಾಕಿ.

ಇದಕ್ಕಿಂತ ವೇಗ ಬೇಡ. ವಾರಕ್ಕೆ ದೇಹತೂಕದ ನೂರಕ್ಕೆ ಒಂದು ಪಾಲು ದಾಟಿ ಇಳಿಸಲು ಹೋದರೆ ಕೊಬ್ಬಿನೊಂದಿಗೆ ಸ್ನಾಯುವೂ ಹೆಚ್ಚಾಗಿ ಹೋಗತೊಡಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಮೊಲೆಯೂಡಿಸುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು.

ನಾಲ್ಕನೆಯ ಹೆಜ್ಜೆ: ಸ್ನಾಯು ಉಳಿಸಿಕೊಳ್ಳಿ

ವಾರಕ್ಕೆ ಎರಡು ಮೂರು ದಿನ ದೊಡ್ಡ ಸ್ನಾಯುಗಳಿಗೆ ಭಾರದ ಕೆಲಸ ಕೊಡಿ: ಬಸ್ಕಿ, ದಂಡ, ಭಾರ ಎಳೆಯುವುದು, ನೆಲದಿಂದ ಎತ್ತುವುದು. ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಪ್ರಮಾಣವನ್ನು ವೈದ್ಯರೊಂದಿಗೆ ಮಾತಾಡಿಯೇ ನಿರ್ಧರಿಸಬೇಕು. ಹೊಟ್ಟೆಯ ವ್ಯಾಯಾಮ ಬಿಡಬೇಕೆಂದೇನೂ ಇಲ್ಲ. ಪ್ಲ್ಯಾಂಕ್ ಬೆನ್ನಿಗೆ ಆಸರೆ ಕೊಡುತ್ತದೆ, ಭಾರ ಎತ್ತುವಾಗ ಮುಂಡವನ್ನು ಗಟ್ಟಿಯಾಗಿಡುತ್ತದೆ. ಆ ಕಾರಣಕ್ಕಾಗಿ ಮಾಡಿ, ಐದು ನಿಮಿಷ ಸಾಕು.

ಐದನೆಯ ಹೆಜ್ಜೆ: ನಾಲ್ಕನೆಯ ವಾರ ಟೇಪು ಹೇಳುವುದನ್ನು ಓದಿ

ನಮ್ಮ 82 ಕಿಲೋ ತೂಕದವರ ಪಟ್ಟಿ ನಾಲ್ಕು ವಾರಕ್ಕೆ ಹೀಗಿರಬಹುದು: ತೂಕ 80, ಕುತ್ತಿಗೆ 39.2, ಸೊಂಟ 96.5, ಹೊಕ್ಕುಳದ ಮಟ್ಟ 100. ಕನ್ನಡಿಯಲ್ಲಿ ಮುಖ ಸಣ್ಣಗಾಗಿದೆ, ಅಂಗಿಯ ಕಾಲರ್ ಸಡಿಲವಾಗಿದೆ, ಕೆಳಹೊಟ್ಟೆ ಇದ್ದ ಹಾಗೇ ಇದೆ. ಪರಿಚಯದವರು ಸಿಕ್ಕಿ, ಮುಖ ಬಾಡಿದೆಯಲ್ಲ, ಹುಷಾರಿಲ್ಲವೇ ಎಂದು ಕೇಳುವ ಹಂತ ಇದು. ಬಹಳ ಮಂದಿ ಕೈಬಿಡುವುದೂ ಇಲ್ಲೇ.

ಅಳತೆಗಳನ್ನು ಅದರದರ ಗಾತ್ರಕ್ಕೆ ಹೋಲಿಸಿ ನೋಡಿದರೆ ಕುತ್ತಿಗೆ ನೂರಕ್ಕೆ ಎರಡು ಪಾಲು ಇಳಿದಿದೆ, ಹೊಕ್ಕುಳದ ಮಟ್ಟ ನೂರಕ್ಕೆ ಒಂದೇ ಪಾಲು. ಸೊಂಟದ ಒಂದೂವರೆ ಸೆಂಟಿಮೀಟರಿನಲ್ಲಿ ಒಳಗಿನ ಕೊಬ್ಬಿನ ಪಾಲೂ ಇರುವ ಸಾಧ್ಯತೆ ಹೆಚ್ಚು, ಅದು ಕನ್ನಡಿಗೆ ಕಾಣದು. ಅವರು ಹಾಗೇ ಮುಂದುವರಿದರೆ 12ನೆಯ ವಾರದ ಹೊತ್ತಿಗೆ ತೂಕ 77, ಕುತ್ತಿಗೆ 38.5, ಸೊಂಟ 92.5, ಹೊಕ್ಕುಳದ ಮಟ್ಟ 96 ಆಗಬಹುದು. ಕುತ್ತಿಗೆ ಇಳಿದ ಒಟ್ಟು ಒಂದೂವರೆ ಸೆಂಟಿಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ನಾಲ್ಕು ವಾರದಲ್ಲೇ ಹೋಗಿತ್ತು. ಹೊಕ್ಕುಳದ ಮಟ್ಟ ಇಳಿದ ಐದು ಸೆಂಟಿಮೀಟರಿನಲ್ಲಿ ಆ ಅವಧಿಗೆ ಬಂದದ್ದು ಒಂದೇ ಒಂದು. ಈ ಅಂಕಿಗಳು ವಿವರಣೆಗೆ ಕಟ್ಟಿದವು, ನಿಮ್ಮವು ಬೇರೆ ಇರುತ್ತವೆ. ಎರಡು ಸಲದ ಅಳತೆ ಸಿಕ್ಕ ಮೇಲೆ ನಿಮ್ಮ ದೇಹದ ಸರದಿ ನಿಮಗೇ ಗೊತ್ತಾಗತೊಡಗುತ್ತದೆ.

ನಾಲ್ಕು ವಾರದ ನಂತರ ಐದೂ ಜಾಗಗಳಲ್ಲಿ ಏನೂ ಕದಲಿಲ್ಲ, ತೂಕದ ವಾರದ ಸರಾಸರಿಯೂ ಇಳಿದಿಲ್ಲ ಎಂದರೆ ಕೊರತೆ ಆಗಿಲ್ಲವೆಂದೇ ಅರ್ಥ. ಎಣ್ಣೆ, ಪಾನೀಯ, ರಜಾದಿನದ ಊಟಗಳನ್ನು ಮತ್ತೆ ನೋಡಿ. ತೂಕ ನಿಂತಿದೆ, ಟೇಪು ಇಳಿಯುತ್ತಿದೆ ಎಂದರೆ ನೀರು ಅಥವಾ ಬೆಳೆಯುತ್ತಿರುವ ಸ್ನಾಯು ತೂಕವನ್ನು ಮರೆಮಾಡಿದೆ, ಏನನ್ನೂ ಬದಲಿಸಬೇಡಿ. ತೂಕ ಮೊದಲ ವಾರವೇ ಎರಡು ಕಿಲೋ ಇಳಿದು ಟೇಪು ಅಲುಗದಿದ್ದರೆ ಹಿಗ್ಗಬೇಡಿ. ಗ್ಲೈಕೋಜನ್ ಖಾಲಿಯಾಗುವಾಗ ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಕುತ್ತಿಗೆ, ತೋಳು, ತೊಡೆ ಇಳಿದು ಹೊಕ್ಕುಳದ ಮಟ್ಟ ಮಾತ್ರ ನಿಂತಿದ್ದರೆ ವಿಧಾನ ಸರಿಯಿದೆ, ಸರದಿ ಬಂದಿಲ್ಲ ಅಷ್ಟೇ.

ಕೊನೆಯ ಮಡಿಕೆ ಉಳಿದಾಗ

ಸೊಂಟ ಎತ್ತರದ ಅರ್ಧದೊಳಗೆ ಬಂದು, ಕೆಳಹೊಟ್ಟೆಯಲ್ಲಿ ಒಂದು ಮಡಿಕೆ ಉಳಿದುಕೊಂಡಿತು ಎನ್ನೋಣ. ಆರೋಗ್ಯದ ದೃಷ್ಟಿಯಿಂದ ಬಹುಪಾಲು ಕೆಲಸ ಅಲ್ಲಿಗೆ ಆಗಿರುತ್ತದೆ, ಒಳಗಿನ ಕೊಬ್ಬು ಆಗಲೇ ಸಾಕಷ್ಟು ಹೋಗಿರುತ್ತದೆ. ಮಡಿಕೆಯನ್ನೂ ತೆಗೆಯಲೇಬೇಕೆಂದರೆ ಇಡೀ ದೇಹದ ಕೊಬ್ಬನ್ನು ಇನ್ನೂ ಇಳಿಸಬೇಕು, ಮುಖ ಮತ್ತು ತೋಳು ಅದಕ್ಕೆ ಬೆಲೆ ತೆರುತ್ತವೆ. ಸದಾ ಹಸಿವು, ಚಳಿ, ನಿದ್ರೆ ಕೆಡುವುದು, ಹೆಂಗಸರಲ್ಲಿ ಮುಟ್ಟು ತಪ್ಪುವುದು, ಇವು ಕಾಣಿಸಿದರೆ ಅಲ್ಲಿಗೆ ನಿಲ್ಲಿಸಿ ಕೊರತೆಯನ್ನು ಮುಚ್ಚಿ. ಹಿಂದೆ ದಪ್ಪವಿದ್ದವರಲ್ಲಿ ಉಳಿದದ್ದು ಸಡಿಲಗೊಂಡ ಚರ್ಮವೂ ಆಗಿರಬಹುದು. ಹಿಡಿದೆತ್ತಿದರೆ ಕಾಗದದಂತೆ ತೆಳ್ಳಗೆ ಬಂದರೆ ಅದು ಚರ್ಮ, ಊಟ ಕಡಿಮೆ ಮಾಡಿ ಅದನ್ನು ಇಳಿಸಲಾಗದು.

ಒಂದು ಜಾಗದ ಕೊಬ್ಬನ್ನು ಮಾತ್ರ ತೆಗೆಯುವ ವಿಧಾನ ಲೈಪೋಸಕ್ಷನ್ ಶಸ್ತ್ರಚಿಕಿತ್ಸೆ. ಅದರ ಮಿತಿಯನ್ನೂ ತಿಳಿದಿರಬೇಕು. ಅದು ಹೀರುವುದು ಚರ್ಮದಡಿಯದನ್ನು, ಒಳಾಂಗಗಳ ಸುತ್ತಲಿನದನ್ನಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಥೂಲಕಾಯದ ಹೆಂಗಸರ ಹೊಟ್ಟೆಯಿಂದ ಸುಮಾರು ಹತ್ತು ಕಿಲೋ ಕೊಬ್ಬು ತೆಗೆದರೂ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಬಗೆಯಾಗಲಿ, ರಕ್ತದೊತ್ತಡವಾಗಲಿ ಸುಧಾರಿಸಲಿಲ್ಲ. 2011ರ ಇನ್ನೊಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷದೊಳಗೆ ಒಟ್ಟು ಕೊಬ್ಬು ಮೊದಲಿನ ಮಟ್ಟಕ್ಕೆ ಮರಳಿತ್ತು. ಹೀರಿದ ತೊಡೆಗೆ ಅದು ಹೆಚ್ಚಾಗಿ ಬರಲಿಲ್ಲ, ಹೊಟ್ಟೆಗೆ ಬಂದು ಸೇರಿತು.